ನಾಲ್ಕು ಸಾಲಿನ ಪ್ರಸಂಗ: ಅದು ಹಿತಾಸಕ್ತಿ ಸಂಘರ್ಷವೋ, ಇನ್‌ಸೈಡರ್ ಟ್ರೇಡಿಂಗೋ, ವಿಸಲ್‌ಬ್ಲೋಯಿಂಗೋ? ಗುರುತಿಸುವ ಕ್ರಮ

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯ ಓದುಗರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕೇಳುವವರಲ್ಲಿ ಬಿ.ಕಾಂ. ಓದುವವರಿದ್ದಾರೆ, ಬೆಳಗಿನ ರೈಲು ಹಿಡಿದು ಮಂಗಳೂರಿನ ಕಂಪನಿಗಳಿಗೆ ಹೋಗಿಬರುವವರೂ ಇದ್ದಾರೆ. ಇಬ್ಬರ ಕೈಗೂ ಸಿಗುವುದು ಒಂದೇ ಬಗೆಯ ಹಾಳೆ. ಅದರಲ್ಲಿ ನೌಕರನೊಬ್ಬನ ಬಗ್ಗೆ ಮೂರು ನಾಲ್ಕು ಸಾಲು ಇರುತ್ತದೆ, ಕೆಳಗೆ “ಇಲ್ಲಿರುವ ನೈತಿಕ ಸಮಸ್ಯೆ ಯಾವುದು?” ಎಂಬ ಪ್ರಶ್ನೆ ಇರುತ್ತದೆ. ವಿದ್ಯಾರ್ಥಿಗೆ ಅದು ಪರೀಕ್ಷೆ, ನೌಕರನಿಗೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಡುವ ತರಬೇತಿ. ಬಹುಪಾಲು ಮಂದಿ ಮೂರು ಹೆಸರುಗಳಲ್ಲಿ ಒಂದನ್ನು ಆರಿಸಿ ಬರೆದುಬಿಡುತ್ತಾರೆ, ಅಲ್ಲೇ ಎಡವುತ್ತಾರೆ.

ಎಡವುವುದಕ್ಕೆ ಕಾರಣ ಇಷ್ಟೆ. ಈ ಮೂರು ಒಂದೇ ಜಾತಿಯವಲ್ಲ. ಹಿತಾಸಕ್ತಿ ಸಂಘರ್ಷ ಎಂಬುದು ಒಂದು ಸ್ಥಿತಿ: ಸಂಸ್ಥೆಯ ಪರವಾಗಿ ತೀರ್ಮಾನ ಮಾಡಬೇಕಾದವನಿಗೆ ಅದೇ ತೀರ್ಮಾನದಲ್ಲಿ ತನ್ನ ಅಥವಾ ತನ್ನವರ ಲಾಭವೂ ಸೇರಿಕೊಂಡಿರುವುದು. ಇನ್‌ಸೈಡರ್ ಟ್ರೇಡಿಂಗ್ ಒಂದು ಅಪರಾಧ: ಜನರಿಗೆ ಇನ್ನೂ ತಿಳಿಯದ, ತಿಳಿದರೆ ಷೇರಿನ ಬೆಲೆ ಏರುಪೇರಾಗುವಂಥ ಮಾಹಿತಿಯನ್ನು ಕೈಯಲ್ಲಿಟ್ಟುಕೊಂಡು ಷೇರು ಕೊಳ್ಳುವುದು ಅಥವಾ ಮಾರುವುದು. ವಿಸಲ್‌ಬ್ಲೋಯಿಂಗ್ ಒಂದು ನಡೆ: ಸಂಸ್ಥೆಯೊಳಗಿನ ಅಕ್ರಮವನ್ನು ಒಳಗಿನವರೇ ಅದನ್ನು ತಡೆಯಬಲ್ಲವರಿಗೆ ತಿಳಿಸುವುದು. ಒಂದು ಸ್ಥಿತಿ, ಒಂದು ಅಪರಾಧ, ಒಂದು ನಡೆ. ಆದ್ದರಿಂದ ಒಂದೇ ಪ್ರಸಂಗದಲ್ಲಿ ಮೂರೂ ಒಟ್ಟಿಗೆ ಇರಬಹುದು, ಒಬ್ಬಳೇ ವ್ಯಕ್ತಿ ಒಂದು ಕಡೆ ಸರಿಯಾಗಿಯೂ ಇನ್ನೊಂದು ಕಡೆ ತಪ್ಪಾಗಿಯೂ ನಡೆದಿರಬಹುದು. ಮೂರರಲ್ಲಿ ಒಂದನ್ನೇ ಆರಿಸಬೇಕು ಎಂಬ ಲೆಕ್ಕವನ್ನು ಮೊದಲು ತಲೆಯಿಂದ ತೆಗೆದುಹಾಕಿ.

ಬೇಕಾಗುವುದು ಒಂದು ಖಾಲಿ ಹಾಳೆ, ಒಂದು ಪೆನ್ನು ಮಾತ್ರ. ಪ್ರಸಂಗದಲ್ಲಿ ತಾರೀಕುಗಳಿದ್ದರೆ ಅವುಗಳ ಕೆಳಗೆ ಗೆರೆ ಎಳೆಯಿರಿ, ಮುಂದೆ ಬೇಕಾಗುತ್ತದೆ.

ಹಂತ 1: ಪ್ರಸಂಗವನ್ನು ನಾಲ್ಕು ಉತ್ತರಗಳಿಗೆ ಇಳಿಸಿ

ಹಾಳೆಯಲ್ಲಿ ಈ ನಾಲ್ಕನ್ನು ಬರೆದುಕೊಳ್ಳಿ. ವ್ಯಕ್ತಿಯ ಕೆಲಸವೇನು? ಆ ಕೆಲಸದಿಂದಾಗಿ ಅವನ ಕೈಗೆ ಬಂದದ್ದೇನು (ಅಧಿಕಾರವೋ, ಮಾಹಿತಿಯೋ, ಅಕ್ರಮದ ಸುಳಿವೋ)? ಅದನ್ನು ಅವನು ಏನು ಮಾಡಿದ? ಅದು ಯಾರ ಕಡೆಗೆ ಹೋಯಿತು?

ಪ್ರಾಮಾಣಿಕ, ದುರಾಸೆಯ, ಹತ್ತು ವರ್ಷಗಳಿಂದ ನಿಷ್ಠೆಯಿಂದ ದುಡಿದ ಎಂಬಂಥ ವಿಶೇಷಣಗಳನ್ನೆಲ್ಲ ಹೊಡೆದುಹಾಕಿ. ಪ್ರಶ್ನೆ ಮಾಡುವವರು ಅವನ್ನು ಬೇಕೆಂದೇ ಸೇರಿಸುತ್ತಾರೆ. ಒಳ್ಳೆಯವನೆಂದು ವರ್ಣಿಸಿದವನ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಜಗಳಗಂಟನೆಂದು ವರ್ಣಿಸಿದವನ ನಿಜವಾದ ದೂರು ಹಗೆತನದಂತೆ ಕಾಣುತ್ತದೆ.

ಕೈಗೆ ಬಂದದ್ದು ಅಧಿಕಾರವಾದರೆ ಸಂಘರ್ಷದ ಕಡೆ ನೋಡಿ. ಮಾಹಿತಿಯಾದರೆ ಇನ್‌ಸೈಡರ್ ಟ್ರೇಡಿಂಗಿನ ಕಡೆ. ಅಕ್ರಮದ ಸುಳಿವಾದರೆ ವಿಸಲ್‌ಬ್ಲೋಯಿಂಗಿನ ಕಡೆ. ಇದು ಹುಡುಕುವುದಕ್ಕೆ ದಿಕ್ಕು ಅಷ್ಟೆ, ತೀರ್ಪು ಅಲ್ಲ.

ಹಂತ 2: ಮೊದಲು ಷೇರು ಇದೆಯೋ ನೋಡಿ

ಇದನ್ನು ಮೊದಲು ಪರೀಕ್ಷಿಸಲು ಹೇಳುವುದು ಇದರ ಗಡಿ ಸ್ಪಷ್ಟವಾಗಿರುವುದರಿಂದ. ನಮ್ಮ ದೇಶದಲ್ಲಿ ಇದಕ್ಕೆ ಅನ್ವಯಿಸುವುದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2015ರಲ್ಲಿ ತಂದ ಇನ್‌ಸೈಡರ್ ಟ್ರೇಡಿಂಗ್ ತಡೆ ನಿಯಮಾವಳಿ. ಮೂರು ಪ್ರಶ್ನೆ ಕೇಳಿಕೊಳ್ಳಿ: ಕಂಪನಿಯ ಷೇರು ಷೇರುಪೇಟೆಯಲ್ಲಿ ಲಿಸ್ಟ್ ಆಗಿದೆಯೇ, ಅಥವಾ ಆಗಲಿದೆಯೇ? ಮಾಹಿತಿ ಇನ್ನೂ ಪ್ರಕಟವಾಗದೆ ಉಳಿದಿದೆಯೇ, ಬೆಲೆಯನ್ನು ಅಲುಗಿಸುವಷ್ಟು ದೊಡ್ಡದೇ? ಆ ವ್ಯಕ್ತಿ ಷೇರು ಕೊಂಡನೇ ಅಥವಾ ಮಾರಿದನೇ, ಇಲ್ಲವೇ ಮಾಹಿತಿಯನ್ನು ಇನ್ನೊಬ್ಬರಿಗೆ ದಾಟಿಸಿದನೇ? ಮೂರಕ್ಕೂ ಹೌದೆಂದರೆ ಮಾತ್ರ ಇದು ಇನ್‌ಸೈಡರ್ ಟ್ರೇಡಿಂಗ್.

ಮೊದಲ ಪ್ರಶ್ನೆಯಲ್ಲೇ ಜನ ಹೇಗೆ ತಪ್ಪುತ್ತಾರೆ ಎಂಬುದಕ್ಕೆ ನಮ್ಮ ಊರಿನ ಪ್ರಸಂಗವೊಂದು ಇಲ್ಲಿದೆ. ಬದಿಯಡ್ಕ ಕಡೆಯ ಅಡಿಕೆ ಖರೀದಿ ಕೇಂದ್ರವೊಂದರ ನೌಕರನಿಗೆ, ನಾಳೆ ಬೆಳಗ್ಗೆ ಹಳೆ ಚಾಲಿಯ ದರವನ್ನು ಕಿಲೋಗೆ 10 ರೂಪಾಯಿ ಏರಿಸುತ್ತಾರೆಂದು ಇವತ್ತೇ ತಿಳಿಯುತ್ತದೆ. ಅವನ ಭಾವ ಹತ್ತು ಗೋಣಿ, ಸುಮಾರು 650 ಕಿಲೋ ಅಡಿಕೆಯನ್ನು ಜೀಪಿಗೆ ಹೇರಲು ಹೊರಟಿದ್ದಾರೆ. ನೌಕರ ಫೋನು ಮಾಡುತ್ತಾನೆ: “ಭಾವ, ಇವತ್ತು ಅಡಿಕೆ ತರಬೇಡಿ. ನಾಳೆ ಮಧ್ಯಾಹ್ನ ತನ್ನಿ.” ಭಾವನಿಗೆ 6,500 ರೂಪಾಯಿ ಹೆಚ್ಚು ಸಿಗುತ್ತದೆ. ಇದು ಇನ್‌ಸೈಡರ್ ಟ್ರೇಡಿಂಗೇ?

ಅಲ್ಲ. ಒಳಗಿನ ಮಾಹಿತಿ ಇದೆ, ಬೆಲೆ ಇದೆ, ಲಾಭವೂ ಇದೆ. ಆದರೆ ಅಡಿಕೆ ಷೇರಲ್ಲ, ಸೆಬಿಯ ಈ ನಿಯಮ ಗೋಣಿಯೊಳಗಿನ ಅಡಿಕೆಗೆ ಅನ್ವಯಿಸುವುದಿಲ್ಲ. ಹಾಗೆಂದು ಅವನು ಮಾಡಿದ್ದು ಸರಿಯೂ ಅಲ್ಲ. ಖರೀದಿ ಮಾಡುವ ಸಂಸ್ಥೆಗೆ ಗುಟ್ಟು ಕಾಯಬೇಕಾದವನು ಮಾರುವವರ ಪರ ನಿಂತ. ಅದು ಹಿತಾಸಕ್ತಿ ಸಂಘರ್ಷ, ಜೊತೆಗೆ ಸಂಸ್ಥೆಯ ಗೋಪ್ಯ ಮಾಹಿತಿಯ ಸೋರಿಕೆ. ಹೀಗೆ ಬರೆದರೆ ಉತ್ತರ ಸರಿ. ಬರೀ “ಒಳಗಿನ ಮಾಹಿತಿ ಬಳಸಿದ್ದಾನೆ, ಆದ್ದರಿಂದ ಇನ್‌ಸೈಡರ್ ಟ್ರೇಡಿಂಗ್” ಎಂದರೆ ತಪ್ಪು.

ಎರಡನೆಯ ಪ್ರಶ್ನೆಗೆ ಬನ್ನಿ. ಪ್ರಕಟವಾಗದ, ಬೆಲೆ ಅಲುಗಿಸುವ ಮಾಹಿತಿಯನ್ನು ನಿಯಮಾವಳಿಯಲ್ಲಿ ಯುಪಿಎಸ್‌ಐ ಎಂದು ಕರೆಯುತ್ತಾರೆ. ತ್ರೈಮಾಸಿಕ ಫಲಿತಾಂಶ, ಲಾಭಾಂಶ, ಇನ್ನೊಂದು ಕಂಪನಿಯ ಜೊತೆ ವಿಲೀನ ಅಥವಾ ಖರೀದಿ, ಬಂಡವಾಳದ ರಚನೆಯಲ್ಲಿ ಬದಲಾವಣೆ, ಇವೆಲ್ಲ ಅದರಲ್ಲಿ ಬರುತ್ತವೆ. ಕ್ಯಾಂಟೀನಿನ ಗುತ್ತಿಗೆ ಬದಲಾದದ್ದು, ಒಬ್ಬ ಗುಮಾಸ್ತ ಸಣ್ಣ ಮೊತ್ತ ಕದ್ದದ್ದು ಬರುವುದಿಲ್ಲ. ಕಂಪನಿ ಷೇರುಪೇಟೆಗೆ ತಿಳಿಸಿ, ಎಲ್ಲರೂ ಒಂದೇ ಹೊತ್ತಿಗೆ ನೋಡಬಹುದಾದ ಮೇಲೆ ಅದು ಪ್ರಕಟವಾದ ಮಾಹಿತಿ. ಕಚೇರಿಯಲ್ಲಿ ನೂರು ಮಂದಿಗೆ ಗೊತ್ತಿದ್ದ ಮಾತ್ರಕ್ಕೆ ಪ್ರಕಟವಾದಂತಲ್ಲ.

ತಾರೀಕುಗಳ ಕೆಳಗೆ ಗೆರೆ ಎಳೆಯಲು ಹೇಳಿದ್ದು ಇಲ್ಲಿಗಾಗಿ. ಲೆಕ್ಕ ವಿಭಾಗದವರು, ನಿರ್ದೇಶಕರು, ಇಂಥ ಮಾಹಿತಿ ಕೈಗೆ ಸಿಗುವ ಇತರರನ್ನು ಕಂಪನಿ ಪಟ್ಟಿ ಮಾಡಿಟ್ಟಿರುತ್ತದೆ. ತ್ರೈಮಾಸಿಕ ಮುಗಿದಂದಿನಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ಅವರು ಆ ಕಂಪನಿಯ ಷೇರು ಮುಟ್ಟುವಂತಿಲ್ಲ. ಇದಕ್ಕೆ ವಹಿವಾಟಿನ ಕಿಟಕಿ ಮುಚ್ಚುವುದು ಎನ್ನುತ್ತಾರೆ. ಪ್ರಸಂಗದಲ್ಲಿ “ಫಲಿತಾಂಶ ಬಂದ ಮರುದಿನ ಬೆಳಗ್ಗೆಯೇ ಕೊಂಡನು” ಎಂದಿದ್ದರೆ ಪ್ರಶ್ನೆ ಮಾಡಿದವರು ಆ 48 ಗಂಟೆಯನ್ನೇ ಪರೀಕ್ಷಿಸುತ್ತಿದ್ದಾರೆ.

ಮೂರನೆಯ ಪ್ರಶ್ನೆಯಲ್ಲಿ ಎರಡು ಗುಂಡಿಗಳಿವೆ. “ಅವನಿಗೆ ಲಾಭವೇ ಆಗಲಿಲ್ಲವಲ್ಲ” ಎಂಬುದು ಒಂದು. ಮಾಹಿತಿ ದಾಟಿಸಿದರೆ ಸಾಕು, ದಾಟಿಸಿದವರಿಗೆ ಬಿಡಿಕಾಸು ಸಿಗದಿದ್ದರೂ ತಪ್ಪೇ. ಅಮೆರಿಕದಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನ ನಿರ್ದೇಶಕರಾಗಿದ್ದ ರಜತ್ ಗುಪ್ತಾ 2008ರ ಸೆಪ್ಟೆಂಬರಿನಲ್ಲಿ, ವಾರೆನ್ ಬಫೆಟ್ ಅವರ ಕಂಪನಿ 500 ಕೋಟಿ ಡಾಲರ್ ಹೂಡುವ ಸುದ್ದಿಯನ್ನು ಆಡಳಿತ ಮಂಡಳಿಯ ಸಭೆ ಮುಗಿಯುತ್ತಿದ್ದಂತೆ ಹೂಡಿಕೆದಾರ ರಾಜ್ ರಾಜರತ್ನಂ ಅವರಿಗೆ ತಿಳಿಸಿದ ಪ್ರಕರಣದಲ್ಲಿ 2012ರಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಆ ಷೇರುಗಳನ್ನು ಕೊಂಡದ್ದು ಗುಪ್ತಾ ಅಲ್ಲ. ಶಿಕ್ಷೆ ಎರಡು ವರ್ಷದ ಸೆರೆವಾಸ, 50 ಲಕ್ಷ ಡಾಲರ್ ದಂಡ.

ಇನ್ನೊಂದು, “ಅವನು ಆ ಕಂಪನಿಯವನೇ ಅಲ್ಲವಲ್ಲ” ಎಂಬುದು. ರೈಲಿನಲ್ಲಿ ಎದುರು ಸೀಟಿನವರು ಫೋನಿನಲ್ಲಿ ಮಾತಾಡಿದ್ದು ಕಿವಿಗೆ ಬಿದ್ದು, ಅದು ಪ್ರಕಟವಾಗದ ಮಾಹಿತಿಯಾಗಿದ್ದು, ಅದನ್ನು ಹಿಡಿದು ಷೇರು ಕೊಂಡವನೂ ನಮ್ಮ ನಿಯಮಾವಳಿಯ ಪ್ರಕಾರ ‘ಇನ್‌ಸೈಡರ್’. ಹೇಗೆ ಸಿಕ್ಕಿತು ಎನ್ನುವುದಕ್ಕಿಂತ ಕೈಯಲ್ಲಿ ಇತ್ತೇ ಎಂಬುದು ಮುಖ್ಯ. ಹೊರಗಿನವನಾದರೆ ಮಾಹಿತಿ ಅವನ ಬಳಿ ಇತ್ತೆಂದು ಸೆಬಿ ತೋರಿಸಿಕೊಡಬೇಕಾಗುತ್ತದೆ, ವ್ಯತ್ಯಾಸ ಅಷ್ಟೆ.

ಹಂತ 3: ಎರಡು ದೋಣಿಯಲ್ಲಿ ಕಾಲಿಟ್ಟವರು ಯಾರು?

ಸಂಘರ್ಷವನ್ನು ಗುರುತಿಸಲು ಪ್ರಸಂಗದಲ್ಲಿ ಒಂದು ತೀರ್ಮಾನವನ್ನು ಹುಡುಕಿ. ಬಿಲ್ಲಿಗೆ ಸಹಿ ಹಾಕುವುದು, ಸಾಲ ಮಂಜೂರು ಮಾಡುವುದು, ಸಂದರ್ಶನದಲ್ಲಿ ಅಂಕ ಕೊಡುವುದು, ಅಡಿಕೆಯನ್ನು ಪಟೋರಕ್ಕೋ ಕರಿಗೋಟಿಗೋ ಹಾಕುವುದು, ಇವೆಲ್ಲ ತೀರ್ಮಾನಗಳೇ. ಆ ತೀರ್ಮಾನ ಮಾಡುವವನಿಗೆ ಅದರ ಇನ್ನೊಂದು ತುದಿಯಲ್ಲಿ ಸಂಬಂಧವೋ ದುಡ್ಡೋ ಇದೆಯೇ? ಇದ್ದರೆ ಸಂಘರ್ಷ ಇದೆ. ತೀರ್ಮಾನದಲ್ಲಿ ಕೈಯೇ ಇಲ್ಲದವನಿಗೆ ಸಂಬಂಧ ಇದ್ದರೂ ಸಂಘರ್ಷ ಇಲ್ಲ. ಗೇಟಿನ ಕಾವಲುಗಾರನ ಅಣ್ಣ ಕಂಪನಿಗೆ ಕಾಗದ ಪೂರೈಸಿದರೆ ಸುಮ್ಮನೆ ಸಂಬಂಧ. ಖರೀದಿ ಅಧಿಕಾರಿಯ ಅಣ್ಣ ಪೂರೈಸಿದರೆ ಸಂಘರ್ಷ.

ಅತಿ ಹೆಚ್ಚು ಅಂಕ ಹೋಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ಸಂಘರ್ಷ ಇರುವುದೇ ತಪ್ಪಲ್ಲ. ಕಾಸರಗೋಡಿನಂಥ ಊರಿನಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು. ನೆಂಟಸ್ತನವನ್ನೇ ತಪ್ಪೆಂದರೆ ಸಹಕಾರಿ ಸಂಘಗಳನ್ನು ಮುಚ್ಚಬೇಕಾದೀತು. ತಪ್ಪಾಗುವುದು ಸಂಬಂಧವನ್ನು ಹೇಳದೆ ಮುಚ್ಚಿಟ್ಟಾಗ, ಅಥವಾ ಹೇಳಿಯೂ ಆ ತೀರ್ಮಾನದಿಂದ ದೂರ ಸರಿಯದಿದ್ದಾಗ. ಆದ್ದರಿಂದ ಎರಡು ಸಂಗತಿ ನೋಡಿ. ಲಿಖಿತವಾಗಿ ತಿಳಿಸಿದ್ದಾನೆಯೇ, ತೀರ್ಮಾನಕ್ಕೆ ಮೊದಲು ತಿಳಿಸಿದ್ದಾನೆಯೇ? ತಿಳಿಸಿದ ಮೇಲೆ ಆ ಫೈಲು ಬೇರೆಯವರ ಕೈಗೆ ಹೋಯಿತೇ? ಸಿಕ್ಕಿಬಿದ್ದ ಮೇಲೆ ಬರೆದುಕೊಟ್ಟ ಹೇಳಿಕೆ ಮುಂಚಿತವಾಗಿ ತಿಳಿಸಿದಂತಾಗುವುದಿಲ್ಲ.

ನಿರ್ದೇಶಕರ ಪ್ರಸಂಗವಾದರೆ ಕಾನೂನೇ ಇದೆ. 2013ರ ಕಂಪನಿ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಬೇರೆ ಯಾವ ಸಂಸ್ಥೆಗಳಲ್ಲಿ ತಮಗೆ ಆಸಕ್ತಿ ಇದೆ ಎಂಬುದನ್ನು ಪ್ರತಿ ಹಣಕಾಸು ವರ್ಷದ ಮೊದಲ ಆಡಳಿತ ಮಂಡಳಿ ಸಭೆಯಲ್ಲಿ ತಿಳಿಸಬೇಕು. ಅದಕ್ಕೆ ಎಂಬಿಪಿ-1 ಎಂಬ ನಮೂನೆ ಇದೆ. ಸಾಮಾನ್ಯ ನೌಕರನಿಗೆ ಅನ್ವಯಿಸುವುದು ಕಂಪನಿಯ ನಡತೆ ಸಂಹಿತೆ. ಉತ್ತರ ಬರೆಯುವಾಗ ಗುಮಾಸ್ತನ ಮೇಲೆ 184ನೇ ಸೆಕ್ಷನ್ ಹೇರಬೇಡಿ.

“ಅಣ್ಣನ ದರವೇ ಎಲ್ಲರಿಗಿಂತ ಕಡಿಮೆ ಇತ್ತು” ಎಂಬ ಸಾಲು ಬಂದರೆ ಎಚ್ಚರ. ದರ ಕಡಿಮೆ ಇದ್ದರೂ ಸಂಘರ್ಷ ಸಂಘರ್ಷವೇ. ದರವನ್ನು ಹೋಲಿಸಿ ನೋಡಿದವರೇ ತಂಗಿಯಾದರೆ ಆ ಹೋಲಿಕೆಯನ್ನು ನಂಬುವುದು ಹೇಗೆ?

ಹಂತ 4: ದೂರು ಯಾವುದರ ಬಗ್ಗೆ, ಯಾರಿಗೆ?

ಪ್ರಸಂಗದಲ್ಲಿ ಯಾರೋ ಯಾರಿಗೋ ದೂರಿದ ಮಾತ್ರಕ್ಕೆ ಅದು ವಿಸಲ್‌ಬ್ಲೋಯಿಂಗ್ ಆಗುವುದಿಲ್ಲ. ತನಗೆ ಬಡ್ತಿ ಸಿಗಲಿಲ್ಲ, ರಜೆ ಕೊಡಲಿಲ್ಲ, ಸಂಬಳ ತಡವಾಯಿತು ಎಂಬುದು ವೈಯಕ್ತಿಕ ಅಹವಾಲು. ಅದಕ್ಕೆ ಮಾನವ ಸಂಪನ್ಮೂಲ ವಿಭಾಗವೋ ಕಾರ್ಮಿಕ ಇಲಾಖೆಯೋ ಇದೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ದೂರು 2013ರ ಪ್ರತ್ಯೇಕ ಕಾಯ್ದೆಯಡಿ ಆಂತರಿಕ ಸಮಿತಿಗೆ ಹೋಗಬೇಕು. ವಿಸಲ್‌ಬ್ಲೋಯಿಂಗ್ ಎನ್ನಬೇಕಾದರೆ ದೂರು ವಂಚನೆ, ಸುಳ್ಳು ಲೆಕ್ಕ, ಸುರಕ್ಷತೆಯಲ್ಲಿ ಮೋಸದಂಥ ಅಕ್ರಮದ ಬಗ್ಗೆ ಇರಬೇಕು. ಅದರ ಪೆಟ್ಟು ಸಂಸ್ಥೆಗೋ ಗ್ರಾಹಕರಿಗೋ ಜನರಿಗೋ ಬೀಳುವಂತಿರಬೇಕು.

ಯಾರಿಗೆ ಹೇಳಿದರು ಎಂಬುದೂ ಅಷ್ಟೇ ಮುಖ್ಯ. ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ ಲಿಸ್ಟೆಡ್ ಕಂಪನಿಗಳು, ಸಾರ್ವಜನಿಕರಿಂದ ಠೇವಣಿ ಪಡೆಯುವ ಕಂಪನಿಗಳು, ಬ್ಯಾಂಕು ಮತ್ತು ಸಾರ್ವಜನಿಕ ಹಣಕಾಸು ಸಂಸ್ಥೆಗಳಿಂದ 50 ಕೋಟಿ ರೂಪಾಯಿಗೂ ಹೆಚ್ಚು ಸಾಲ ಮಾಡಿದ ಕಂಪನಿಗಳು ದೂರು ಕೊಡುವ ವ್ಯವಸ್ಥೆ ಇಟ್ಟಿರಲೇಬೇಕು. ಅದನ್ನು ವಿಜಿಲ್ ಮೆಕ್ಯಾನಿಸಮ್ ಎನ್ನುತ್ತಾರೆ. ದೂರಿದವರಿಗೆ ಕಿರುಕುಳ ಆಗದಂತೆ ಅದರಲ್ಲಿ ರಕ್ಷಣೆ ಇರಬೇಕು. ಮೇಲಿನವರೇ ಶಾಮೀಲಾಗಿರುವಂಥ ಸಂದರ್ಭಗಳಲ್ಲಿ ಆಡಿಟ್ ಸಮಿತಿಯ ಅಧ್ಯಕ್ಷರಿಗೆ ನೇರವಾಗಿ ಬರೆಯಲು ದಾರಿ ಇರಬೇಕು. ಹುರುಳಿಲ್ಲದ ದೂರನ್ನು ಪದೇ ಪದೇ ಕೊಡುವವರಿಗೆ ಛೀಮಾರಿ ಹಾಕಲೂ ಅಲ್ಲಿ ಅವಕಾಶ ಇದೆ. ಪತ್ರಿಕೆಗೆ ಕೊಟ್ಟರೆ, ವಾಟ್ಸಾಪ್ ಗುಂಪಿಗೆ ಹಾಕಿದರೆ, ಪ್ರತಿಸ್ಪರ್ಧಿ ಕಂಪನಿಗೆ ಹೇಳಿದರೆ ಈ ರಕ್ಷಣೆ ಜೊತೆಗೆ ಬರುವುದಿಲ್ಲ.

ಹೊಸಂಗಡಿಯಲ್ಲಿ ಮನೆ, ತಲಪಾಡಿ ದಾಟಿ ಕೆಲಸ ಎನ್ನುವವರು ಕೇಳುತ್ತಾರೆ: ಕೇರಳದವರಿಗೆ ಒಂದು ನಿಯಮ, ಕರ್ನಾಟಕದ ಕಂಪನಿಗೆ ಇನ್ನೊಂದೇ? ಕಂಪನಿ ಕಾಯ್ದೆಯೂ ಸೆಬಿ ನಿಯಮವೂ ಕೇಂದ್ರದವು, ಗಡಿಯ ಎರಡೂ ಕಡೆ ಒಂದೇ. ವ್ಯತ್ಯಾಸ ಬರುವುದು ರಾಜ್ಯ ಸರ್ಕಾರದ ಕಚೇರಿಗಳ ವಿಚಾರದಲ್ಲಿ. ಕೇರಳದ ಕಚೇರಿಯ ಲಂಚದ ದೂರು ಕೇರಳದ ವಿಜಿಲೆನ್ಸ್ ಆಂಡ್ ಆಂಟಿ ಕರಪ್ಷನ್ ಬ್ಯೂರೋಗೆ, ಕರ್ನಾಟಕದ ಕಚೇರಿಯದು ಲೋಕಾಯುಕ್ತಕ್ಕೆ.

ರಾಷ್ಟ್ರೀಕೃತ ಬ್ಯಾಂಕು, ಕೇಂದ್ರ ಸರ್ಕಾರದ ಇಲಾಖೆ ಅಥವಾ ಉದ್ದಿಮೆಯ ಪ್ರಸಂಗ ಬಂದರೆ ದಾರಿ ಬೇರೆ. ಸುವರ್ಣ ಚತುಷ್ಪಥ ರಸ್ತೆ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಬರೆದಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆ, ತಮ್ಮ ಹೆಸರು ಗುಟ್ಟಾಗಿರಬೇಕೆಂದು ಕೋರಿದ್ದರೂ ಅದು ಗುಟ್ಟಾಗಿ ಉಳಿಯಲಿಲ್ಲ. 2003ರ ನವೆಂಬರಿನಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ಅದರ ಬೆನ್ನಲ್ಲೇ 2004ರಲ್ಲಿ ಪಿಐಡಿಪಿಐ ಎಂದು ಕರೆಯುವ ನಿರ್ಣಯ ಬಂತು. ಕೇಂದ್ರ ಜಾಗೃತ ಆಯೋಗವು ದೂರುದಾರರ ಹೆಸರನ್ನು ಗುಟ್ಟಾಗಿಟ್ಟು ವಿಚಾರಿಸುವ ವ್ಯವಸ್ಥೆ ಅದು. ಅದರ ಕ್ರಮ ಇಂದಿಗೂ ಲಕೋಟೆಯದೇ. ದೂರನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ಆಯೋಗದ ಕಾರ್ಯದರ್ಶಿಗೆ ಕಳಿಸಬೇಕು, ಲಕೋಟೆಯ ಮೇಲೆ ‘ಪಿಐಡಿಪಿಐ’ ಎಂದು ಎದ್ದು ಕಾಣುವಂತೆ ಬರೆಯಬೇಕು. ಕಳಿಸಿದವರ ಹೆಸರು ಲಕೋಟೆಯ ಮೇಲೆ ಇರಬಾರದು, ಒಳಗಿನ ಪತ್ರದಲ್ಲಿ ಹೆಸರೂ ವಿಳಾಸವೂ ಇರಲೇಬೇಕು. ಇದನ್ನು ತಿರುವುಮುರುವು ಮಾಡುವವರೇ ಹೆಚ್ಚು. ಹೊರಗೆ ಹೆಸರು ಬರೆದರೆ ಗುಟ್ಟು ಟಪಾಲಿನಲ್ಲೇ ರಟ್ಟಾಗುತ್ತದೆ, ಒಳಗೆ ಬರೆಯದಿದ್ದರೆ ಅನಾಮಧೇಯ ದೂರೆಂದು ಪಿಐಡಿಪಿಐ ಅಡಿ ಪರಿಗಣಿಸುವುದೇ ಇಲ್ಲ.

ಹಂತ 5: ಒಂದು ಪ್ರಸಂಗವನ್ನು ಪೂರ್ತಿ ಬಿಡಿಸೋಣ

ಪ್ರಸಂಗ ಹೀಗಿದೆ ಎಂದಿಟ್ಟುಕೊಳ್ಳಿ, ಹೆಸರು ಉದಾಹರಣೆಗಾಗಿ ಮಾತ್ರ:

*ಕುಂಬಳೆಯ ಸುಜಾತಾ ಮಂಗಳೂರಿನ ಒಂದು ಲಿಸ್ಟೆಡ್ ಕಂಪನಿಯಲ್ಲಿ ಸಾಗಾಟದ ಬಿಲ್ಲುಗಳನ್ನು ಪರಿಶೀಲಿಸಿ ಪಾವತಿಗೆ ಕಳಿಸುತ್ತಾಳೆ. ಜುಲೈಯಲ್ಲಿ ಅವಳ ಅಣ್ಣನ ಲಾರಿಗಳಿಗೂ ಗುತ್ತಿಗೆ ಸಿಕ್ಕಿತು. ಅವಳು ಯಾರಿಗೂ ಹೇಳಲಿಲ್ಲ. ಸೆಪ್ಟೆಂಬರಿನಲ್ಲಿ ಇನ್ನೊಬ್ಬ ಸಾಗಾಟದಾರನ ಬಿಲ್ಲುಗಳಲ್ಲಿ ಮೋಸ ಕಂಡು, ದಾಖಲೆ ಸಮೇತ ಆಡಿಟ್ ಸಮಿತಿಯ ಅಧ್ಯಕ್ಷರಿಗೆ ಬರೆದಳು. ಅಕ್ಟೋಬರ್ 20ರಂದು ಫೈಲುಗಳನ್ನು ಹುಡುಕುವಾಗ, ತ್ರೈಮಾಸಿಕದ ಲಾಭ ಅರ್ಧಕ್ಕೆ ಇಳಿದಿರುವ ಕರಡು ಲೆಕ್ಕ ಅವಳ ಕಣ್ಣಿಗೆ ಬಿತ್ತು. ಅಂದು ರಾತ್ರಿ ಊಟದ ಹೊತ್ತಿಗೆ ಮೈದುನನಿಗೆ, “ಆ ಷೇರು ಇನ್ನು ಇಟ್ಟುಕೊಳ್ಳಬೇಡ ಮಾರಾಯ” ಎಂದಳು. ಅವನು ಮರುದಿನ 300 ಷೇರು ಮಾರಿದ.*

ತಾರೀಕಿನ ಕ್ರಮದಲ್ಲೇ ಬಿಡಿಸಿ. ಜುಲೈಯದ್ದು ಹಿತಾಸಕ್ತಿ ಸಂಘರ್ಷ. ಬಿಲ್ಲು ಪಾಸು ಮಾಡುವ ಅಧಿಕಾರ ಅವಳದು, ಹಣ ಹೋಗುವುದು ಅಣ್ಣನಿಗೆ. ಅಣ್ಣನ ಬಿಲ್ಲು ಸರಿಯಾಗಿಯೇ ಇರಬಹುದು, ಅದು ಬೇರೆ ಮಾತು. ಅವಳು ಗುತ್ತಿಗೆಯ ಮೊದಲ ಬಿಲ್ಲು ಬರುವ ಮುನ್ನವೇ ಮೇಲಧಿಕಾರಿಗೆ ಬರೆದುಕೊಟ್ಟು, ಆ ಬಿಲ್ಲುಗಳನ್ನು ಇನ್ನೊಬ್ಬರಿಗೆ ಬಿಡಬೇಕಿತ್ತು.

ಸೆಪ್ಟೆಂಬರಿನದು ವಿಸಲ್‌ಬ್ಲೋಯಿಂಗ್. ಇಲ್ಲಿ ಅವಳು ಕಂಡದ್ದೇನು ಎಂಬುದನ್ನು ಹತ್ತಿರದಿಂದ ನೋಡೋಣ, ಯಾಕೆಂದರೆ ದೂರು ನಿಲ್ಲುವುದು ಇಂಥ ದಾಖಲೆಯ ಮೇಲೆ. ಲಾರಿ ತೂಗುವ ವೇಬ್ರಿಡ್ಜಿನ ಚೀಟಿಯಲ್ಲಿ ಲೋಡು ಸಹಿತ 16,180 ಕಿಲೋ, ಖಾಲಿ ಲಾರಿ 6,940 ಕಿಲೋ ಎಂದಿದೆ. ಸರಕು 9,240 ಕಿಲೋ. ಬಿಲ್ಲಿಗೆ ಲಗತ್ತಿಸಿದ ಪ್ರತಿಯಲ್ಲಿ ಲೋಡು ಸಹಿತ ತೂಕ ಅದೇ, ಖಾಲಿ ಲಾರಿಯ ತೂಕ ಮಾತ್ರ 6,140. ಆದ್ದರಿಂದ ಸರಕು 10,040 ಕಿಲೋ ಆಗಿ, 800 ಕಿಲೋ ಹೆಚ್ಚಾಗಿದೆ. ಒಂದು ಅಂಕಿ ತಪ್ಪಾಗಿ ಮುದ್ರಣವಾಗಿರಬಹುದಲ್ಲವೇ? ಅದನ್ನು ತಿಳಿಯಲು ಅದೇ ನೋಂದಣಿ ಸಂಖ್ಯೆಯ ಲಾರಿಯ ಬೇರೆ ದಿನಗಳ ಚೀಟಿ ತೆಗೆಯಬೇಕು. ಡೀಸೆಲ್, ಟಾರ್ಪಾಲಿನ ಕಾರಣ ಖಾಲಿ ಲಾರಿಯ ತೂಕ ಸ್ವಲ್ಪ ಆಚೀಚೆ ಆಗುತ್ತದೆ, 800 ಕಿಲೋ ಇಳಿಯುವುದಿಲ್ಲ. ತಿಂಗಳ 22 ಟ್ರಿಪ್ಪಿನಲ್ಲೂ ವೇಬ್ರಿಡ್ಜಿನ ಚೀಟಿ 6,900ರ ಆಸುಪಾಸಿನಲ್ಲಿದ್ದು ಬಿಲ್ಲಿನ ಪ್ರತಿ ಮಾತ್ರ 6,140 ತೋರಿಸಿದರೆ ಅದು ಕೈತಪ್ಪಲ್ಲ. ಟನ್ನಿಗೆ 900 ರೂಪಾಯಿ ಬಾಡಿಗೆ ಎಂದರೆ ಟ್ರಿಪ್ಪಿಗೆ 720, ತಿಂಗಳಿಗೆ 15,840 ರೂಪಾಯಿ.

ಇಲ್ಲೊಂದು ಸೂಕ್ಷ್ಮ ಇದೆ. ಅವಳು ದೂರಿದ್ದು ಅಣ್ಣನ ಪ್ರತಿಸ್ಪರ್ಧಿಯ ಮೇಲೆ. ಅವನ ಗುತ್ತಿಗೆ ಹೋದರೆ ಟ್ರಿಪ್ಪುಗಳು ಅಣ್ಣನಿಗೆ ಬರಬಹುದು. ಹಾಗಾದರೆ ಇದು ವಿಸಲ್‌ಬ್ಲೋಯಿಂಗ್ ಅಲ್ಲವೆಂದು ಹಲವರು ಬರೆಯುತ್ತಾರೆ. ನನ್ನ ಪ್ರಕಾರ ಅದು ಸರಿಯಲ್ಲ. ತೂಕದ ಚೀಟಿ ಯಾರ ತಂಗಿ ತೋರಿಸಿದರೂ ಅದೇ ಅಂಕಿ ತೋರಿಸುತ್ತದೆ. ದೂರು ದೂರಾಗಿಯೇ ಉಳಿಯುತ್ತದೆ, ವಿಚಾರಣೆ ಆಗಲೇಬೇಕು. ಆದರೆ ಅಣ್ಣನ ವಿಷಯವನ್ನು ಅದೇ ಪತ್ರದಲ್ಲಿ ಅವಳೇ ಹೇಳಬೇಕಿತ್ತು. ಹೇಳದಿದ್ದರೆ ಆಚೆಯವರು ಮೊದಲು ಎತ್ತುವುದೇ ಅದನ್ನು, ಚೀಟಿಗಳ ಮಾತು ಹಿಂದೆ ಬೀಳುತ್ತದೆ.

ಅಕ್ಟೋಬರಿನದು ಇನ್‌ಸೈಡರ್ ಟ್ರೇಡಿಂಗ್. ಯಾವ ಮಾಹಿತಿಯಿಂದ ಎಂಬುದನ್ನು ಸರಿಯಾಗಿ ಹೆಸರಿಸಿ. ತಿಂಗಳಿಗೆ 15,840 ರೂಪಾಯಿಯ ಬಿಲ್ಲಿನ ಮೋಸ ಲಿಸ್ಟೆಡ್ ಕಂಪನಿಯೊಂದರ ಷೇರಿನ ಬೆಲೆಯನ್ನು ಅಲುಗಿಸುವುದಿಲ್ಲ; ಲಾಭ ಅರ್ಧಕ್ಕಿಳಿದ ಕರಡು ಲೆಕ್ಕ ಅಲುಗಿಸುತ್ತದೆ. ತ್ರೈಮಾಸಿಕ ಸೆಪ್ಟೆಂಬರ್ 30ಕ್ಕೆ ಮುಗಿದಿದೆ, ಫಲಿತಾಂಶ ಇನ್ನೂ ಬಂದಿಲ್ಲ, ಕಿಟಕಿ ಮುಚ್ಚಿದೆ. ಮಾಹಿತಿ ದಾಟಿಸಿದ ತಪ್ಪು ಸುಜಾತಾಳದು, ಅದನ್ನು ಕೈಯಲ್ಲಿಟ್ಟುಕೊಂಡು ಮಾರಿದ ತಪ್ಪು ಮೈದುನನದು. ಅವಳು “ಲಾಭ ಇಳಿದಿದೆ” ಎಂದು ಬಾಯಿಬಿಟ್ಟು ಹೇಳಿಲ್ಲವಲ್ಲ ಎಂಬ ವಾದ ಬರುತ್ತದೆ. ಲೆಕ್ಕ ವಿಭಾಗದಲ್ಲಿರುವವಳು ಫಲಿತಾಂಶಕ್ಕೆ ಮುನ್ನ ಮಾರು ಎಂದರೆ ಅದರಲ್ಲೇ ಸುದ್ದಿ ಇದೆ. ಇಂಥ ಸಲಹೆ ಕೊಡದಿರುವುದೂ ನಡತೆ ಸಂಹಿತೆಯ ಪಾಲನೆಯೇ.

ಮೈದುನ 410 ರೂಪಾಯಿಗೆ ಮಾರಿದ, ಫಲಿತಾಂಶ ಬಂದಮೇಲೆ ಬೆಲೆ 352ಕ್ಕೆ ಇಳಿಯಿತು ಎಂದುಕೊಳ್ಳಿ. ತಪ್ಪಿಸಿಕೊಂಡ ನಷ್ಟ 17,400 ರೂಪಾಯಿ. ನಷ್ಟ ತಪ್ಪಿಸಿಕೊಳ್ಳುವುದೂ ಲಾಭ ಮಾಡಿಕೊಂಡಂತೆಯೇ. ಸೆಬಿ ಕಾಯ್ದೆಯ 15ಜಿ ಸೆಕ್ಷನ್ನಿನಲ್ಲಿ ಇದಕ್ಕೆ ಕನಿಷ್ಠ ದಂಡ 10 ಲಕ್ಷ ರೂಪಾಯಿ. ಗರಿಷ್ಠ 25 ಕೋಟಿ ಅಥವಾ ಲಾಭದ ಮೂರು ಪಟ್ಟು, ಯಾವುದು ಹೆಚ್ಚೋ ಅದು.

ಹಂತ 6: ಉತ್ತರ ಬರೆಯುವ ರೀತಿ

ಒಂದೊಂದು ಘಟನೆಗೂ ಮೂರು ವಾಕ್ಯ ಸಾಕು: ಹೆಸರು, ಅದನ್ನು ಸಾಬೀತು ಮಾಡುವ ಸಂಗತಿ, ಮಾಡಬೇಕಿದ್ದದ್ದು. ಸುಜಾತಾಳ ಅಕ್ಟೋಬರಿನ ಭಾಗವನ್ನು ಹೀಗೆ ಬರೆಯಬಹುದು: “ಇದು ಇನ್‌ಸೈಡರ್ ಟ್ರೇಡಿಂಗ್. ಲಿಸ್ಟೆಡ್ ಕಂಪನಿಯ ಪ್ರಕಟವಾಗದ ತ್ರೈಮಾಸಿಕ ಲೆಕ್ಕ ಅಕ್ಟೋಬರ್ 20ರಂದು ಅವಳಿಗೆ ತಿಳಿಯಿತು, ಅವಳ ಮಾತಿನಿಂದ ಮೈದುನ 21ರಂದು ಮಾರಿದ. ಅವಳು ಮಾಹಿತಿಯನ್ನು ಯಾರಿಗೂ ಹೇಳಬಾರದಿತ್ತು, ಆಕಸ್ಮಿಕವಾಗಿ ನೋಡಿದ ವಿಷಯವನ್ನು ಕಂಪನಿಯ ಕಂಪ್ಲಯನ್ಸ್ ಅಧಿಕಾರಿಗೆ ತಿಳಿಸಬೇಕಿತ್ತು.” ಕಂಪ್ಲಯನ್ಸ್ ಅಧಿಕಾರಿ ಎಂದರೆ ಈ ನಿಯಮಗಳ ಪಾಲನೆಯನ್ನು ನೋಡಿಕೊಳ್ಳಲು ಕಂಪನಿ ನೇಮಿಸಿದವರು, ಹಲವೆಡೆ ಕಂಪನಿ ಸೆಕ್ರೆಟರಿಯೇ ಆಗಿರುತ್ತಾರೆ.

ಪ್ರಸಂಗದಲ್ಲಿ ಒಂದು ಸಂಗತಿ ಹೇಳಿರದಿದ್ದರೆ ನೀವೇ ಊಹಿಸಿ ತುಂಬಬೇಡಿ. ಕಂಪನಿ ಲಿಸ್ಟೆಡ್ ಎಂದು ಬರೆದಿಲ್ಲವಾದರೆ “ಲಿಸ್ಟೆಡ್ ಆಗಿದ್ದರೆ ಇನ್‌ಸೈಡರ್ ಟ್ರೇಡಿಂಗ್, ಅಲ್ಲದಿದ್ದರೆ ಗೋಪ್ಯತೆಯ ಉಲ್ಲಂಘನೆ” ಎಂದು ಎರಡನ್ನೂ ಬರೆಯಿರಿ. ದೂರಿದ ಮೇಲೆ ಅವಳನ್ನು ದೂರದ ಶಾಖೆಗೆ ಎತ್ತಂಗಡಿ ಮಾಡಿದರು ಎಂಬ ಸಾಲು ಕೊನೆಯಲ್ಲಿದ್ದರೆ ಅದಕ್ಕೂ ಮೂರು ವಾಕ್ಯ ಇಡಿ. ಅದು ದೂರುದಾರರ ಮೇಲಿನ ಪ್ರತೀಕಾರ, ತಪ್ಪು ವರ್ಗಾವಣೆ ಮಾಡಿದವರದು. ದೂರು ಕೊಟ್ಟ ತಾರೀಕು ಮತ್ತು ವರ್ಗಾವಣೆ ಆದೇಶದ ತಾರೀಕು, ಎರಡನ್ನೂ ಪಕ್ಕಪಕ್ಕದಲ್ಲೇ ಬರೆಯಿರಿ.